ಪಾವಟಿಗೆಯ ಅಂಚಿಗೆ ಹಚ್ಚಿದ ತೇಪೆ ಒಂದೇ ತುಂಡಾಗಿ ಎದ್ದು ಬಂತು, ಬಾಂಡಿಂಗ್ ಏಜೆಂಟ್ ಹಾಕಿದ್ದರೂ!

ನವನಗರದ ಮನೆ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಮುಂಬಾಗಿಲಿಗೆ ಕಾಂಕ್ರೀಟಿನ ಮೂರು ಪಾವಟಿಗೆಗಳಿವೆ. ನಡುವಿನದರ ಮುಂದಿನ ಅಂಚು ಒಡೆದು ಹೋಗಿದೆ. ಉದ್ದ ಸುಮಾರು 3 ಅಡಿ, ಒಳಗೆ 5 ಇಂಚು. ಆಳ ಒಂದು ಕಡೆ 1 ಇಂಚು, ಇನ್ನೊಂದು ಕಡೆ 2 ಇಂಚು.

ದೀಪಾವಳಿಗೆ ಮುಂಚೆ ಒಬ್ಬ ಗೌಂಡಿಯನ್ನು ಕರೆಸಿದ್ದೆವು. ಅವರೇ ಹೇಳಿ ಬಾಂಡಿಂಗ್ ಏಜೆಂಟ್ ತರಿಸಿದರು. ಬೆಳಿಗ್ಗೆ ಅದನ್ನು ಬ್ರಷ್‌ನಿಂದ ಹಚ್ಚಿದರು. ಊಟ ಮಾಡಿ ಬಂದು ಸಿಮೆಂಟು, ಉಸುಕು ತುಂಬಿದರು. ನೋಡಲು ಬಹಳ ಚೆನ್ನಾಗಿತ್ತು. ಸಂಕ್ರಾಂತಿ ಹೊತ್ತಿಗೆ ತೇಪೆಯ ಸುತ್ತ ಸಣ್ಣ ಗೆರೆ ಕಾಣಿಸಿತು. ಮೊನ್ನೆ ಕಸ ಗುಡಿಸುವಾಗ ಇಡೀ ತೇಪೆ ಅಲುಗಾಡಿತು. ಎತ್ತಿದರೆ ಕೈಗೇ ಬಂತು. ತೇಪೆ ಮಾತ್ರ ಗಟ್ಟಿ ಇದೆ, ಒಡೆದಿಲ್ಲ. ಅದರ ಅಡಿಭಾಗ ನುಣ್ಣಗಿದೆ, ತೆಳ್ಳನೆ ಪ್ಲಾಸ್ಟಿಕ್‌ನಂಥ ಪೊರೆ ಅಂಟಿಕೊಂಡಿದೆ.

ಅತ್ತೆಯವರಿಗೆ ಮೊಣಕಾಲು ನೋವು. ದಿನಾ ಅದೇ ಪಾವಟಿಗೆ ಇಳಿದು ಹೋಗಬೇಕು. ಇಷ್ಟು ಸಣ್ಣ ಕೆಲಸಕ್ಕೆ ಪೂರ್ತಿ ಪಾವಟಿಗೆ ಒಡೆಸಬೇಕಾ? ಬಾಂಡಿಂಗ್ ಹಾಕಿದರೂ ಯಾಕೆ ನಿಲ್ಲಲಿಲ್ಲ?

ಮುಧೋಳದ ಮಾಳಿಗೆ

ಅಕ್ಕಾರೆ, ನಮ್ಮಲ್ಲೂ ಇದೇ ತ್ರಾಸು. ಮಾಳಿಗೆ ಮೇಲೆ ಬಿರುಕು ಬಿಟ್ಟು ಮಳೆಗಾಲದಲ್ಲಿ ಸೋರುತ್ತಿತ್ತು. ವಾಟರ್‌ಪ್ರೂಫ್ ಬಣ್ಣ ಎರಡು ಕೋಟ್ ಹೊಡೆಸಿದೆವು, ನಿಂತಿತು. ನೀವೂ ಅದನ್ನೇ ಹೊಡೆಸಿ ನೋಡಿ.

ನವನಗರದ ಮನೆ

ನಮ್ಮದು ಸೋರುವುದಲ್ಲ ಅಣ್ಣಾರೆ, ಪಾವಟಿಗೆಯ ಅಂಚೇ ಇಲ್ಲ. ಬಣ್ಣ ಯಾವುದಕ್ಕೆ ಹೊಡೆಯಲಿ?

ಜಮಖಂಡಿ ರಸ್ತೆ

ಸಿಮೆಂಟು ಕಡಿಮೆ ಹಾಕಿರುತ್ತಾರೆ, ಮತ್ತೇನಿಲ್ಲ. ಈ ಸಲ ಸಿಮೆಂಟು ಒಂದು ಪಾಲು, ಉಸುಕು ಒಂದು ಪಾಲು ಹಾಕಿಸಿ. ಕಲ್ಲಿನಂತೆ ಕೂರುತ್ತದೆ. ಬಾಂಡಿಂಗ್‌ಗೆ ದುಬಾರಿ ಡಬ್ಬಿ ಬೇಕಿಲ್ಲ. ಕಟ್ಟಿಗೆಗೆ ಹಚ್ಚುವ ಬಿಳಿ ಅಂಟು ನೀರಿನಲ್ಲಿ ಕಲಸಿ ಹಚ್ಚಿದರೆ ಅದೇ ಕೆಲಸ ಮಾಡುತ್ತದೆ. ಆಮೇಲೆ ಏಳು ದಿನ ನೀರು ನಿಲ್ಲಿಸಿ. ನಮ್ಮ ದೇವರ ಮನೆಯ ನೆಲಕ್ಕೆ ಹೀಗೇ ಮಾಡಿಸಿದ್ದೇನೆ, ಇವತ್ತಿಗೂ ಇದೆ.

ಥಾಪಿ ಹಿಡಿದವ, ಇಳಕಲ್

ಅಕ್ಕಾರೆ, ಆ ತೇಪೆಯನ್ನು ಎಸೆಯಬೇಡಿ. ಏನಾಯಿತು ಎಂದು ಅದರ ಅಡಿಭಾಗವೇ ಹೇಳುತ್ತದೆ.

ಎದ್ದು ಬಂದ ತೇಪೆಯ ಅಡಿಗೆ ಹಳೆಯ ಕಾಂಕ್ರೀಟಿನ ಪುಡಿ, ಧೂಳು ಅಂಟಿದ್ದರೆ ಕೆಳಗಿನ ನೆಲವೇ ಸಡಿಲ ಇತ್ತು ಎಂದರ್ಥ. ತೇಪೆಯೇ ಚೂರುಚೂರಾಗಿ ಉದುರಿದರೆ ಮಾಲಿನಲ್ಲಿ ಅಥವಾ ನೀರುಣಿಸುವುದರಲ್ಲಿ ತಪ್ಪಾಗಿದೆ. ನಿಮ್ಮದು ಎರಡೂ ಅಲ್ಲ. ತೇಪೆ ಗಟ್ಟಿ ಇದೆ, ಅಡಿ ನುಣ್ಣಗಿದೆ, ಪೊರೆ ಇದೆ. ಬೆಳಿಗ್ಗೆ ಹಚ್ಚಿದ ಬಾಂಡಿಂಗ್ ಊಟ ಮುಗಿಯುವಷ್ಟರಲ್ಲಿ ಪೂರ್ತಿ ಒಣಗಿದೆ. ಒಣಗಿದ ಮೇಲೆ ಅದು ಅಂಟು ಅಲ್ಲ. ಹಳೆಯದಕ್ಕೂ ಹೊಸದಕ್ಕೂ ನಡುವೆ ಹಾಸಿದ ಪ್ಲಾಸ್ಟಿಕ್ ಹಾಳೆ ಇದ್ದ ಹಾಗೆ. ಅದಿಲ್ಲದೆ ಬರೀ ಸಿಮೆಂಟು ನೀರು ಹಚ್ಚಿ ತುಂಬಿದ್ದರೂ ಇದಕ್ಕಿಂತ ಚೆನ್ನಾಗಿ ಹಿಡಿಯುತ್ತಿತ್ತು.

ಬಾಂಡಿಂಗ್ ಹಚ್ಚಿದ ಮೇಲೆ ಬೆರಳಿಟ್ಟರೆ ಅಂಟಂಟು ಇರಬೇಕು. ಆಗಲೇ ಮಾಲು ಬೀಳಬೇಕು. ನಮ್ಮ ಕಡೆ ಬಿಸಿಲಿಗೆ, ಒಣ ಗಾಳಿಗೆ ಅದು 10-15 ನಿಮಿಷದಲ್ಲೇ ಬಿರುಸಾಗುತ್ತದೆ. ಹಾಗಾಗಿ ಮೊದಲು ಮಾಲು ಕಲಸಿ ಪಕ್ಕದಲ್ಲಿ ಇಟ್ಟುಕೊಳ್ಳಬೇಕು, ಆಮೇಲೆ ಬ್ರಷ್ ಕೈಗೆತ್ತಿಕೊಳ್ಳಬೇಕು. ಬಹಳ ಜನ ಇದನ್ನು ತಿರುವು ಮುರುವು ಮಾಡುತ್ತಾರೆ.

ಒಂದು ಕೇಳಬೇಕು. ಆ ತೇಪೆಯ ಒಳಗಿನ ಅಂಚು, ಬಾಗಿಲ ಕಡೆಯದು, ಎಷ್ಟು ದಪ್ಪ ಇದೆ?

ನವನಗರದ ಮನೆ

ಈಗ ನೋಡಿದೆ ಕಾಕಾ. ಆ ಕಡೆ ಹೋಗ್ತಾ ಹೋಗ್ತಾ ತೆಳ್ಳಗಾಗಿ ಹಪ್ಪಳದಷ್ಟೂ ದಪ್ಪ ಇಲ್ಲ. ಗೆರೆ ಮೊದಲು ಕಾಣಿಸಿದ್ದೂ ಅಲ್ಲೇ.

ಥಾಪಿ ಹಿಡಿದವ, ಇಳಕಲ್

ಹಾಗಿದ್ದರೆ ಎರಡನೇ ಕಾರಣವೂ ಸಿಕ್ಕಿತು. ಸಿಮೆಂಟು-ಉಸುಕಿನ ತೇಪೆಯನ್ನು ಸೊನ್ನೆಗೆ ಇಳಿಸಬಾರದು. ತೆಳ್ಳಗಿದ್ದ ಜಾಗ ಬೇಗ ಒಣಗುತ್ತದೆ, ಕಾಲು ಬಿದ್ದರೆ ಚಕ್ಕೆ ಏಳುತ್ತದೆ, ಅಲ್ಲಿಂದ ನೀರು ಒಳಗೆ ಹೋಗುತ್ತದೆ. ಅಂಚನ್ನು ನೆಟ್ಟಗೆ ಕೆಳಗೆ ಕತ್ತರಿಸಬೇಕು. ಎಲ್ಲಿ ನೋಡಿದರೂ ಕನಿಷ್ಠ ಅರ್ಧ ಇಂಚು ಆಳ ಸಿಗಬೇಕು. ಮುಕ್ಕಾಲು ಸಿಕ್ಕರೆ ಇನ್ನೂ ಒಳ್ಳೆಯದು.

ಪಾವಟಿಗೆ ಪೂರ್ತಿ ಒಡೆಸುವುದು ಬೇಡ. ಆದರೆ ಮೊದಲು ಸುತ್ತಿಗೆಯಿಂದ ಉಳಿದ ಭಾಗವನ್ನೆಲ್ಲ ಮೆಲ್ಲಗೆ ತಟ್ಟಿ ನೋಡಿ. ಟಣ್ ಎಂದರೆ ಗಟ್ಟಿ. ಡಬ್ ಎಂದರೆ ಒಳಗೆ ಟೊಳ್ಳು. ಟೊಳ್ಳಿದ್ದಷ್ಟನ್ನೂ ತೆಗೆಯಲೇಬೇಕು.

ಜಮಖಂಡಿ ರಸ್ತೆ

ಅಂದರೆ ಸಿಮೆಂಟು ಜಾಸ್ತಿ ಹಾಕಿದರೂ ಉಪಯೋಗ ಇಲ್ಲವಾ? ನೀವು ಅದಕ್ಕೆ ಉತ್ತರ ಹೇಳಲಿಲ್ಲ.

ಗೋಕಾಕದ ಸೈಟ್ ಇಂಜಿನಿಯರ್

ನಾನು ಹೇಳುತ್ತೇನೆ ಸರ್. ಸಿಮೆಂಟು ಜಾಸ್ತಿಯಾದಷ್ಟೂ ಮಾಲು ಗಟ್ಟಿ, ಅದು ಸರಿ. ಆದರೆ ಒಣಗುವಾಗ ಜಾಸ್ತಿ ಕುಗ್ಗುತ್ತದೆ. ಕೆಳಗಿನ ಹಳೆ ಕಾಂಕ್ರೀಟು ಕುಗ್ಗುವುದು ಯಾವತ್ತೋ ಮುಗಿದಿದೆ, ಅದು ಅಲುಗುವುದಿಲ್ಲ. ಮೇಲಿನದು ಕುಗ್ಗಿ ಎಳೆಯುತ್ತದೆ. ಆ ಎಳೆತಕ್ಕೆ ತೇಪೆ ಸೀಳುತ್ತದೆ ಅಥವಾ ಅಂಚಿನಲ್ಲಿ ಏಳುತ್ತದೆ. ಈ ಕೆಲಸಕ್ಕೆ ಒಂದಕ್ಕೆ ಮೂರು ಸಾಕು.

ಬಿಳಿ ಅಂಟಿನ ವಿಷಯ. ನಿಮ್ಮ ದೇವರ ಮನೆ ಒಣ ಜಾಗ, ಅದಕ್ಕೇ ನಿಂತಿದೆ. ಆ ಅಂಟು ಒಣಗಿದ ಮೇಲೂ ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಪಾವಟಿಗೆ ಮಳೆಗೆ ನೆನೆಯುತ್ತದೆ, ದಿನಾ ಬೆಳಿಗ್ಗೆ ನೀರು ಹಾಕಿ ತೊಳೆಯುತ್ತಾರೆ. ಅಲ್ಲಿಗೆ ಎಸ್‌ಬಿಆರ್ ಲೇಟೆಕ್ಸ್ ಬೇಕು. ಡಬ್ಬಿಯ ಮೇಲೆ ಹಾಗೇ ಬರೆದಿರುತ್ತದೆ. ಅದು ಒಮ್ಮೆ ಕೂತ ಮೇಲೆ ನೀರಿಗೆ ಕರಗುವುದಿಲ್ಲ. ಅಂಗಡಿಯಲ್ಲಿ ಸುಮ್ನೆ ‘ಬಾಂಡಿಂಗ್ ಕೊಡಿ’ ಎಂದರೆ ಯಾವುದೋ ಒಂದನ್ನು ಕೊಡುತ್ತಾರೆ. ಹೆಸರು ಓದಿ ತನ್ನಿ.

ಅಥಣಿ ಅಂಗಡಿ

ನಾವು ಮಾರುವವರು, ಇದು ನಿಜ. ಹತ್ತರಲ್ಲಿ ಎಂಟು ಜನ ಯಾವ ಕೆಲಸಕ್ಕೆ ಎಂದು ಹೇಳುವುದೇ ಇಲ್ಲ. ಇನ್ನೊಂದು ಮಾತು, ಬಿಡಿ ಸಿಮೆಂಟು ಕೆಜಿ ಲೆಕ್ಕದಲ್ಲಿ ತರುವಾಗ ಕೈಹಾಕಿ ನೋಡಿ. ಗಂಟು ಇದ್ದು, ಬೆರಳಲ್ಲಿ ಹಿಸುಕಿದರೆ ಪುಡಿಯಾಗದಿದ್ದರೆ ಬೇಡ ಎನ್ನಿ. ಬಿಚ್ಚಿಟ್ಟ ಚೀಲ ಮಳೆಗಾಲದಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ಲೇಟೆಕ್ಸ್ ಡಬ್ಬಿಯ ಮೇಲಿನ ತಾರೀಖನ್ನೂ ನೋಡಿ, ಅದಕ್ಕೂ ಅವಧಿ ಇದೆ.

ನವನಗರದ ಮನೆ

ಎಲ್ಲರಿಗೂ ಧನ್ಯವಾದ. ತಟ್ಟಿ ನೋಡಿದೆ. ಒಡೆದ ಜಾಗದ ಹಿಂದೆ ಒಂದು ಇಂಚಿನಷ್ಟು ಡಬ್ ಎನ್ನುತ್ತಿದೆ, ಉಳಿದದ್ದು ಗಟ್ಟಿ. ಅಂದರೆ ಅಗಲ 5 ಇಂಚಿನ ಬದಲು 6 ಇಂಚು ಆಗುತ್ತದೆ. ಈಗ ಎಷ್ಟು ಸಾಮಾನು ತರಬೇಕು? ಇಷ್ಟಕ್ಕೇ ಒಂದು ಚೀಲ ಸಿಮೆಂಟು ತರಲು ಮನಸ್ಸಿಲ್ಲ.

ಗೋಕಾಕದ ಸೈಟ್ ಇಂಜಿನಿಯರ್

ಲೆಕ್ಕ ಸುಲಭ ಮೇಡಂ. 36 ಇಂಚು ಉದ್ದ, 6 ಇಂಚು ಅಗಲ, ಸರಾಸರಿ ಒಂದೂವರೆ ಇಂಚು ಆಳ. ಅಂದರೆ ಐದು ಲೀಟರಿಗಿಂತ ಸ್ವಲ್ಪ ಜಾಸ್ತಿ ಮಾಲು. ಒಣ ಸಾಮಾನು ಕಲಸಿದ ಮೇಲೆ ಇಳಿಯುತ್ತದೆ, ಅದಕ್ಕೂ ಸೇರಿಸಿ ಹೇಳುತ್ತೇನೆ. ಒಂದು ಲೀಟರಿನ ಮಗ್ ಇಟ್ಟುಕೊಳ್ಳಿ. ಸಿಮೆಂಟು ಒಂದೂಮುಕ್ಕಾಲು ಮಗ್, ಅಂದರೆ ಎರಡೂವರೆ ಕೆಜಿ. ಉಸುಕು ಐದು ಮಗ್ ಮತ್ತು ಮೇಲೊಂದು ಹಿಡಿ.

ಲೇಟೆಕ್ಸ್ ಒಂದು ಚೀಲ ಸಿಮೆಂಟಿಗೆ ಸುಮಾರು 10 ಲೀಟರ್ ಹಾಕುವುದು ರೂಢಿ. ಆ ಲೆಕ್ಕದಲ್ಲಿ ಎರಡೂವರೆ ಕೆಜಿಗೆ ಅರ್ಧ ಲೀಟರ್. ಅಡಿಗೆ ಹಚ್ಚುವ ಕೋಟಿಗೆ ಇನ್ನೊಂದು 150 ಮಿಲಿ. ಅರ್ಧ ಲೀಟರಿನ ಡಬ್ಬಿ ಸಾಲುವುದಿಲ್ಲ, ಒಂದು ಲೀಟರಿನದು ತನ್ನಿ. ಸಿಮೆಂಟು ಒಟ್ಟು ಮೂರೂವರೆ ಕೆಜಿ ಇದ್ದರೆ ಕೋಟಿಗೂ ಆಯಿತು. ನಿಮ್ಮ ಡಬ್ಬಿಯ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ನಂಬಿ.

ಥಾಪಿ ಹಿಡಿದವ, ಇಳಕಲ್

ಲೆಕ್ಕ ಸರಿ ಇದೆ. ಉಸುಕು ಜಾಳಿಗೆಯಲ್ಲಿ ಸೋಸಿಕೊಳ್ಳಿ. ಮಣ್ಣು ಇದೆಯಾ ಎಂದು ನೋಡಲು ಗಾಜಿನ ಬಾಟಲಿಯಲ್ಲಿ ಅರ್ಧ ಉಸುಕು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಎರಡು ಮೂರು ತಾಸು ಬಿಡಿ. ಮೇಲೆ ಮಣ್ಣಿನ ಪದರ ದಪ್ಪಗೆ ಕೂತರೆ ಆ ಉಸುಕು ತೊಳೆಯದೆ ಬಳಸಬೇಡಿ. ಕ್ರಷರ್ ಉಸುಕಾದರೂ ಅಡ್ಡಿ ಇಲ್ಲ, ಪುಡಿ ಜಾಸ್ತಿ ಇರಬಾರದು. ಕಲಸಲು ಕುಡಿಯುವ ನೀರೇ ಇರಲಿ. ನಮ್ಮ ಕಡೆ ಎಷ್ಟೋ ಬೋರಿನ ನೀರು ಉಪ್ಪು.

ಇನ್ನು ಕೆಲಸ. ಹಿಂದಿನ ದಿನ ಚಾಣ, ಸುತ್ತಿಗೆ ಹಿಡಿದು ಟೊಳ್ಳನ್ನೆಲ್ಲ ತೆಗೆಸಿ. ಒಳ ಅಂಚನ್ನು ನೆಟ್ಟಗೆ ಕತ್ತರಿಸಿ. ಹಳೆ ಬಾಂಡಿಂಗಿನ ಪೊರೆ ಪಾವಟಿಗೆಯ ಮೇಲೂ ಉಳಿದಿರುತ್ತದೆ, ಅದು ತೊಳೆದರೆ ಹೋಗುವುದಿಲ್ಲ. ಚಾಣದಿಂದ ಕಚ್ಚು ಹಾಕಿ, ಕಲ್ಲು ಕಾಣುವ ತನಕ ಕೆರೆಯಬೇಕು. ಈ ಕೆಲಸದಲ್ಲಿ ಬೇಸರದ ಭಾಗ ಇದೇ, ಆದರೆ ಅರ್ಧ ಹಿಡಿತ ಇಲ್ಲಿಂದಲೇ ಬರುತ್ತದೆ. ತಂತಿ ಬ್ರಷ್ ಹಾಕಿ ತಿಕ್ಕಿ, ಧೂಳು ತೊಳೆದು, ರಾತ್ರಿ ಒದ್ದೆ ಗೋಣಿಚೀಲ ಹೊದಿಸಿಡಿ. ಮರುದಿನ ಕೆಲಸದ ಹೊತ್ತಿಗೆ ಪಾವಟಿಗೆ ಒಳಗೆ ನೀರು ಕುಡಿದಿರಬೇಕು, ಮೇಲೆ ನೀರು ಹೊಳೆಯಬಾರದು. ಗುಂಡಿಯಲ್ಲಿ ನಿಂತ ನೀರನ್ನು ಅರಿವೆಯಿಂದ ಒರೆಸಿ.

ಮುಂದೆ ಒಂದು ಹಲಗೆ ನಿಲ್ಲಿಸಿ ಇಟ್ಟಿಗೆ ಒತ್ತು ಕೊಡಿ. ಹಲಗೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ. ಲೇಟೆಕ್ಸ್ ಮಾಲು ಕಟ್ಟಿಗೆಯನ್ನೂ ಬಿಡುವುದಿಲ್ಲ. ಹಲಗೆ ಬಿಚ್ಚುವಾಗ ಹೊಸ ಅಂಚು ಅದರ ಜೊತೆಗೇ ಬಂದದ್ದನ್ನು ನೋಡಿದ್ದೇನೆ.

ಕೆಲಸ ಸಂಜೆ ನಾಲ್ಕೂವರೆ ಮೇಲೆ ಇಟ್ಟುಕೊಳ್ಳಿ. ಮೊದಲು ಸಿಮೆಂಟು, ಉಸುಕು ಒಣದಾಗಿಯೇ ಒಂದೇ ಬಣ್ಣ ಬರುವ ತನಕ ಕಲಸಿ. ಅರ್ಧ ಲೀಟರ್ ಲೇಟೆಕ್ಸಿಗೆ ಸುಮಾರು ಅಷ್ಟೇ ನೀರು ಕೂಡಿಸಿ ಸ್ವಲ್ಪ ಸ್ವಲ್ಪ ಹಾಕಿ. ಉಸುಕು ಹಸಿ ಇದ್ದರೆ ಅಷ್ಟೂ ಬೇಕಾಗುವುದಿಲ್ಲ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಜಾಸ್ತಿ ಹೊತ್ತು ಕಲಸಬೇಡಿ, ಲೇಟೆಕ್ಸ್ ನೊರೆ ಬಂದರೆ ಒಳಗೆ ಗಾಳಿ ಸೇರುತ್ತದೆ. ಅರ್ಧ ತಾಸಿನೊಳಗೆ ಮುಗಿಸಬೇಕು. ಬಿರುಸಾದ ಮಾಲಿಗೆ ಮತ್ತೆ ನೀರು ಹಾಕಿ ಮೆತ್ತಗೆ ಮಾಡಬೇಡಿ, ಚೆಲ್ಲಿಬಿಡಿ.

ಮಾಲು ತಯಾರಾದ ಮೇಲೆ ಕೋಟು. ಲೇಟೆಕ್ಸ್ ಮತ್ತು ನೀರು ಸಮ, ಅದಕ್ಕೆ ಸಿಮೆಂಟು ಹಾಕುತ್ತಾ ಗಟ್ಟಿ ಬಣ್ಣದ ಹದಕ್ಕೆ ತನ್ನಿ. ಬ್ರಷ್‌ನಿಂದ ತಿಕ್ಕಿ ತಿಕ್ಕಿ ಹಚ್ಚಿ, ನೆಟ್ಟಗೆ ಕತ್ತರಿಸಿದ ಅಂಚಿಗೂ ಹಚ್ಚಿ. ಕೂಡಲೇ ಮಾಲು ಒತ್ತಿ ತುಂಬಿ. ಥಾಪಿಯಿಂದ ಸವರಿದರೆ ಸಾಲದು, ಮೂಲೆಗೆಲ್ಲ ಗುದ್ದಬೇಕು. ನಡುವೆ ಯಾರೋ ಕರೆದು ಕೋಟು ಒಣಗಿತು ಅನ್ನಿ, ಅದನ್ನು ಕೆರೆದು ಮತ್ತೆ ಹಚ್ಚಿಯೇ ಮುಂದುವರಿಯಬೇಕು. ಅದರ ಮೇಲೆ ಇನ್ನೊಂದು ಕೋಟು ಸವರಿದರೆ ಮತ್ತೆ ಹಳೆ ಕಥೆಯೇ.

ಕೊನೆಗೆ ಕಟ್ಟಿಗೆ ಪಟ್ಟಿಯಿಂದ ಉಜ್ಜಿ ಒರಟಾಗಿ ಬಿಡಿ, ಅತ್ತೆಯವರ ಕಾಲು ಜಾರಬಾರದು. ಹೊರಗಡೆಗೆ ಕೂದಲಷ್ಟು ಇಳಿಜಾರು ಇರಲಿ. ಮೇಲೆ ಒಣ ಸಿಮೆಂಟು ಉದುರಿಸಿ ನುಣುಪು ಮಾಡುತ್ತೇನೆ ಎಂದರೆ ಬೇಡ ಎನ್ನಿ. ಆ ಪದರ ಜೇಡರ ಬಲೆಯಂತೆ ಬಿರುಕು ಬಿಟ್ಟು ಪುಡಿಯಾಗಿ ಏಳುತ್ತದೆ.

ಜಮಖಂಡಿ ರಸ್ತೆ

ಬಿಳಿ ಅಂಟಿನ ಮಾತು ಒಪ್ಪಿದೆ. ಆದರೆ ಏಳು ದಿನ ನೀರು ನಿಲ್ಲಿಸುವುದನ್ನು ನೀವು ಹೇಳಲೇ ಇಲ್ಲ. ಸಿಮೆಂಟಿಗೆ ನೀರು ಬೇಡವಾ ಹಾಗಾದರೆ?

ಥಾಪಿ ಹಿಡಿದವ, ಇಳಕಲ್

ಬರೀ ಸಿಮೆಂಟು, ಉಸುಕು ಇದ್ದರೆ ನಿಮ್ಮ ಮಾತೇ ಸರಿ ಸರ, ಏಳು ದಿನ ಬೇಕು. ಲೇಟೆಕ್ಸ್ ಹಾಕಿದ್ದಕ್ಕೆ ಮಾತ್ರ ಬೇರೆ. ಮೊದಲ ಒಂದು ದಿನ, ನಮ್ಮ ಬೇಸಿಗೆಗೆ ಎರಡು ದಿನ ಎನ್ನಿ, ಒದ್ದೆ ಗೋಣಿಚೀಲ ಹೊದಿಸಿಡಬೇಕು. ಆಮೇಲೆ ಚೀಲ ತೆಗೆದು ನೆರಳಲ್ಲಿ ಒಣಗಲು ಬಿಡಬೇಕು. ಒಳಗಿನ ಲೇಟೆಕ್ಸ್ ಒಣಗಿದಾಗಲೇ ಅದು ಗಟ್ಟಿ ಜಾಳಿಗೆಯಾಗಿ ಕೂರುವುದು. ವಾರಗಟ್ಟಲೆ ನೀರಲ್ಲೇ ಇಟ್ಟರೆ ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಮೊದಲ ದಿನ ಬಿಸಿಲು, ಗಾಳಿ ನೇರ ಬಿದ್ದರೂ ಕೆಟ್ಟದ್ದೇ.

ಮೂರು ದಿನ ಆ ಪಾವಟಿಗೆ ತುಳಿಯಬೇಡಿ. ಬೈಕ್ ಹತ್ತಿಸುವುದು, ಜೋಳದ ಚೀಲ ಇಡುವುದು ವಾರದ ಮೇಲೆ.

ಸಿಂದಗಿ ನಾಕಾ, ವಿಜಯಪುರ

ನಡುವೆ ಬಂದೆ, ಕ್ಷಮಿಸಿ. ನಮ್ಮ ಪಡಸಾಲೆಯ ಸಿಮೆಂಟಿನ ನೆಲ ಗೋಡೆಯಿಂದ ಗೋಡೆಗೆ ಸೀಳಿದೆ. ಇದೇ ಲೇಟೆಕ್ಸ್ ಮಾಲು ತುಂಬಿದರೆ ನಿಲ್ಲುತ್ತದಾ? ಎರೆ ಮಣ್ಣಿನ ಮೇಲೆ ಕಟ್ಟಿದ ಮನೆ. ಬಿರುಕು ಬೇಸಿಗೆಯಲ್ಲಿ ಬೆರಳು ತೂರುವಷ್ಟು ಆಗುತ್ತದೆ, ಮಳೆ ಹಿಡಿದ ಮೇಲೆ ಕಡಿಮೆ ಆಗುತ್ತದೆ. ಒಂದು ಬದಿ ಸ್ವಲ್ಪ ಎತ್ತರವೂ ಆಗಿದೆ.

ಗೋಕಾಕದ ಸೈಟ್ ಇಂಜಿನಿಯರ್

ನಿಲ್ಲುವುದಿಲ್ಲ ಸರ್. ನಿಮ್ಮದು ಒಡೆದ ನೆಲ ಅಲ್ಲ, ಅಲುಗುವ ನೆಲ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದರ ಜೊತೆ ನೆಲವೂ ಏಳುತ್ತದೆ, ಇಳಿಯುತ್ತದೆ. ಗಟ್ಟಿ ಮಾಲು ತುಂಬಿದರೆ ಅಲ್ಲೇ ಅಥವಾ ಅದರ ಪಕ್ಕದಲ್ಲೇ ಹೊಸ ಸೀಳು ಬರುತ್ತದೆ. ಬೇಸಿಗೆಯಲ್ಲಿ ಬಾಯಿ ಬಿಟ್ಟಾಗ ತುಂಬಿಸಿದರೆ ಇನ್ನೂ ಕಷ್ಟ. ಮಳೆಗಾಲದಲ್ಲಿ ಮುಚ್ಚಿಕೊಳ್ಳಲು ಜಾಗ ಇಲ್ಲದೆ ಅಂಚುಗಳು ಒಂದಕ್ಕೊಂದು ಒತ್ತಿ ಚಕ್ಕೆ ಏಳುತ್ತವೆ.

ಬಿರುಕಿನ ಎರಡೂ ಬದಿಗೆ ಒಂದೊಂದು ಮೊಳೆ ಹೊಡೆದು, ನಡುವಿನ ಅಂತರವನ್ನು ತಿಂಗಳಿಗೊಮ್ಮೆ ಅಳೆದು ಗೋಡೆಯ ಮೇಲೆ ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ದಾಟಲಿ. ಅಲ್ಲಿವರೆಗೆ ಗೋಡೆಯ ಹೊರಗೆ ಮಳೆನೀರು ನಿಲ್ಲುತ್ತದಾ, ಬಚ್ಚಲ ನೀರು ಬುನಾದಿಯ ಪಕ್ಕ ಇಂಗುತ್ತದಾ ಎಂದು ನೋಡಿ. ಬಿರುಕಿಗೆ ರಬ್ಬರಿನಂತೆ ಎಳೆದಾಡುವ ಪಾಲಿಯುರಿಥೇನ್ ಸೀಲಂಟ್ ತುಂಬಬಹುದು. ಅದು ಧೂಳು, ಇರುವೆ ತಡೆಯುತ್ತದೆ ಅಷ್ಟೇ, ನೆಲ ಹಿಡಿದು ನಿಲ್ಲಿಸುವುದಿಲ್ಲ. ಗೋಡೆಗೂ ಓರೆ ಬಿರುಕು ಬಂದಿದ್ದರೆ ಒಬ್ಬರನ್ನು ಕರೆಸಿ ತೋರಿಸಿ, ಇಲ್ಲಿ ಬರೆದು ಬಗೆಹರಿಯುವ ಕೆಲಸ ಅಲ್ಲ.

ಥಾಪಿ ಹಿಡಿದವ, ಇಳಕಲ್

ಅಕ್ಕಾರೆ, ಒಂದು ಬಿಟ್ಟಿದ್ದೆ. ಅಂಚಿನ ಕೆಲಸಕ್ಕೆ ನಾನು ಕಾಂಕ್ರೀಟ್ ಮೊಳೆ ಹೊಡೆಯುತ್ತೇನೆ. ಅರ್ಧ ಅಡಿಗೊಂದು, ಓರೆಕೋರೆಯಾಗಿ. ತಲೆ ಮೇಲ್ಮೈಗಿಂತ ಮುಕ್ಕಾಲು ಇಂಚು ಕೆಳಗೆ ಉಳಿಯಬೇಕು. ಕಾಲಿನ ಒದೆತ ಬೀಳುವುದು ಅಂಚಿಗೇ, ಅಲ್ಲಿ ಏನಾದರೂ ಹಿಡಿದುಕೊಳ್ಳುವುದು ಇರಬೇಕು.

ಗೋಕಾಕದ ಸೈಟ್ ಇಂಜಿನಿಯರ್

ಇದನ್ನು ನಾನು ಒಪ್ಪುವುದಿಲ್ಲ ಕಾಕಾ. ಮಳೆಗೆ ನೆನೆಯುವ ಪಾವಟಿಗೆಯಲ್ಲಿ ಮುಕ್ಕಾಲು ಇಂಚು ಮುಚ್ಚಿಗೆ ಬಹಳ ಕಡಿಮೆ. ಮೊಳೆ ತುಕ್ಕು ಹಿಡಿದರೆ ಉಬ್ಬುತ್ತದೆ, ತೇಪೆಯನ್ನು ಒಳಗಿನಿಂದಲೇ ಒಡೆಯುತ್ತದೆ. ಹಳೇ ಕಾಂಕ್ರೀಟಿಗೆ ಮೊಳೆ ಹೊಡೆಯುವಾಗಲೂ ಅಂಚು ಸೀಳಬಹುದು. ಹಾಕಲೇಬೇಕಿದ್ದರೆ ಡ್ರಿಲ್ ಮಾಡಿ ಸ್ಟೇನ್‌ಲೆಸ್ ಸ್ಕ್ರೂ ಕೂರಿಸಿ. ನನ್ನ ಪ್ರಕಾರ ಒರಟು ಮಾಡಿದ ತಳ ಸಾಕು.

ಥಾಪಿ ಹಿಡಿದವ, ಇಳಕಲ್

ನಾನು ಮೊಳೆ ಹೊಡೆದ ಪಾವಟಿಗೆಗಳು ಇಳಕಲ್‌ನಲ್ಲಿ ಎಷ್ಟೋ ವರ್ಷದಿಂದ ಇವೆ. ನೀವು ಹೇಳುವ ತುಕ್ಕನ್ನೂ ಕೆಲವು ಕಡೆ ಕಂಡಿದ್ದೇನೆ, ಇಲ್ಲ ಎನ್ನುವುದಿಲ್ಲ. ಆದರೆ ಬರೀ ಹಿಡಿತದ ಮೇಲೆ ಅಂಚು ಬಿಡಲು ನನಗೆ ಧೈರ್ಯ ಸಾಲದು.

ನವನಗರದ ಮನೆ

ಕೆಲಸ ಮುಗಿಯಿತು, ಹೇಗಿದೆ ಎಂದು ಹೇಳಲು ಬಂದೆ. ನಮ್ಮ ಮೈದುನ ಮತ್ತು ಓಣಿಯ ಒಬ್ಬ ಗೌಂಡಿ ಸೇರಿ ಮಾಡಿದರು. ಮಾಲು ಕಲಸಿಟ್ಟ ಮೇಲೆಯೇ ಕೋಟು ಹಚ್ಚಿದರು. ಅರ್ಧ ಹಚ್ಚಿ ಅರ್ಧ ತುಂಬಿ, ಆಮೇಲೆ ಉಳಿದರ್ಧ ಹಚ್ಚಿದರು, ಒಣಗಬಾರದು ಎಂದು. ಎರಡು ಬದಿಗೂ ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿದೆ. ಮಾಲು ಸ್ವಲ್ಪ ಉಳಿಯಿತು, ಕಟ್ಟೆಯ ಮೂಲೆಯ ಗುಂಡಿಗೆ ಹೋಯಿತು.

ಈಗ ತಟ್ಟಿದರೆ ಎಲ್ಲ ಕಡೆ ಟಣ್ ಎನ್ನುತ್ತದೆ. ಆದರೆ ಬಲಗಡೆ ತುದಿಯಲ್ಲಿ ಕೂದಲಿನಷ್ಟು ಸಣ್ಣ ಗೆರೆ ಬಂದಿದೆ. ಆ ತುದಿಯ ಗೋಣಿಚೀಲ ಗಾಳಿಗೆ ಸರಿದು ಬೆಳಗಿನ ಬಿಸಿಲು ಬಿದ್ದಿತ್ತು. ಹೆದರಬೇಕಾ?

ಇನ್ನೊಂದು ಕೇಳುವುದಿದೆ. ಎಲ್ಲ ತಟ್ಟುತ್ತಾ ಹೋದಾಗ ಕೆಳಗಿನ ಪಾವಟಿಗೆ ಪೂರ್ತಿ ಡಬ್ ಎಂದಿತು. ಅದರ ಮೇಲೆ ಒಂದು ಬಿರುಕೂ ಇಲ್ಲ.

ಥಾಪಿ ಹಿಡಿದವ, ಇಳಕಲ್

ಆ ಗೆರೆಯ ಎರಡೂ ಬದಿ ಟಣ್ ಎಂದರೆ ಅದು ಮೇಲ್ಮೈ ಬೇಗ ಒಣಗಿ ಬಂದದ್ದು, ತೇಪೆ ಎದ್ದದ್ದಲ್ಲ. ತೇಪೆ ಪೂರ್ತಿ ಒಣಗಿದ ಮೇಲೆ ಗೆರೆಯನ್ನು ಸ್ವಲ್ಪ ಒದ್ದೆ ಮಾಡಿ. ಉಳಿದ ಲೇಟೆಕ್ಸಿಗೆ ಸಿಮೆಂಟು ಕಲಸಿ ಬೆರಳಿಂದ ತಿಕ್ಕಿ, ಮೇಲಿನದನ್ನು ಒರೆಸಿ. ಗೆರೆಯ ತುದಿಗೆ ಪೆನ್ಸಿಲ್ ಗುರುತು ಹಾಕಿಡಿ. ಗುರುತು ದಾಟಿ ಮುಂದೆ ಹೋದರೆ ಬರೆಯಿರಿ.

ಕೆಳಗಿನದು ಬೇರೆ ವಿಷಯ. ಪೂರ್ತಿ ಡಬ್ ಎಂದರೆ ತಳದ ಮಣ್ಣು ಇಳಿದು ಪಾವಟಿಗೆ ಅಂತರದಲ್ಲಿ ನಿಂತಿರಬಹುದು. ಮೇಲಿನ ಗಿಲಾವಿನ ಪದರ ಮಾತ್ರ ಬಿಟ್ಟಿದ್ದರೂ ಹಾಗೇ ಸಪ್ಪಳ ಬರುತ್ತದೆ. ಪಾವಟಿಗೆಯ ಬದಿಯಲ್ಲಿ ಒಂದು ಗೇಣು ಮಣ್ಣು ತೆಗೆಸಿ, ಉದ್ದನೆ ಸಲಾಕೆ ಅಡಿಗೆ ತೂರಿಸಿ ನೋಡಿ. ಸಲಾಕೆ ಒಳಗೆ ಹೋದರೆ ತಳಕ್ಕೆ ಖಡಿ, ಸಿಮೆಂಟು ಗಿಡಿದು ತುಂಬಿಸಬೇಕು, ಮೇಲಿನಿಂದ ಏನು ಹಚ್ಚಿದರೂ ಪ್ರಯೋಜನ ಇಲ್ಲ. ಮಾಳಿಗೆಯ ನೀರಿನ ಪೈಪು ಎಲ್ಲಿ ಬೀಳುತ್ತದೆ, ಅದನ್ನೂ ಹೇಳಿ.

ನವನಗರದ ಮನೆ

ಪೈಪು ಅದೇ ಪಾವಟಿಗೆಯ ಎಡಕ್ಕೆ ಬೀಳುತ್ತದೆ ಕಾಕಾ. ಭಾನುವಾರ ಮೈದುನ ಮನೆಯಲ್ಲಿರುತ್ತಾನೆ, ಸಲಾಕೆ ತೂರಿಸಿ ನೋಡಿ ಫೋಟೋ ಹಾಕುತ್ತೇನೆ.